ಎರಡೂ ಕೈ ಬೇಕಾಗುತ್ತೆ: ಕ್ರೌಡ್ ವರ್ಕ್ ಕೆಟ್ಟು ಮತ್ತೆ ಸರಿಹೋದ ಒಂದು ಸಂಜೆ

ರೆಕಾರ್ಡಿಂಗ್‌ನಲ್ಲಿ 4 ನಿಮಿಷ 50 ಸೆಕೆಂಡ್ ದಾಟುತ್ತಿದ್ದ ಹಾಗೆ ಒಂದು ಸದ್ದು ಕೇಳುತ್ತದೆ. ತುಂಬಾ ಜನ ಒಟ್ಟಿಗೆ ಹಲ್ಲಿನ ಸಂದಿಯಿಂದ ಉಸಿರು ಒಳಗೆಳೆದುಕೊಂಡ ಸದ್ದು. ಮದುವೆ ಮನೆಯಲ್ಲಿ ಬಡಿಸುವವರ ಕೈಯಿಂದ ಪಾಯಸದ ಬಕೆಟ್ ಜಾರಿದರೆ ಪಂಕ್ತಿಯಲ್ಲಿ ಕೂತವರೆಲ್ಲ ಮಾಡುವ ಸದ್ದು ಅದೇ. ಆವತ್ತು ಬಕೆಟ್ ಬೀಳಿಸಿದವನು ನಾನು.

ಕನ್ನಡ ಸ್ಟ್ಯಾಂಡಪ್ ಶೋಗಳಲ್ಲಿ ನಾನು ಹೆಚ್ಚಾಗಿ ಹೋಸ್ಟ್ ಮಾಡುತ್ತೇನೆ. ಅಂದರೆ ಮೊದಲು ಸ್ಟೇಜ್ ಹತ್ತಿ 10-12 ನಿಮಿಷ ಜನರ ಜೊತೆ ಮಾತಾಡಿ, ಹಾಲ್ ಸ್ವಲ್ಪ ಬಿಸಿಯಾದ ಮೇಲೆ ಮುಂದಿನವರನ್ನು ಕರೆಯುವ ಕೆಲಸ. ಆ ಹತ್ತು ನಿಮಿಷದ ಬಹುಪಾಲು ಕ್ರೌಡ್ ವರ್ಕ್. "ಎಲ್ಲಿಂದ ಬಂದ್ರಿ? ಏನ್ ಮಾಡ್ತೀರಾ? ಪಕ್ಕದಲ್ಲಿರೋರು ಯಾರು?" ಅಂತ ಕೇಳುವುದು, ಬಂದ ಉತ್ತರದ ಮೇಲೆ ಅಲ್ಲೇ ಒಂದು ಮಾತು ಹಾಕುವುದು. ನೋಡುವವರಿಗೆ ಎಲ್ಲ ಆ ಕ್ಷಣಕ್ಕೆ ಹೊಳೆದದ್ದು ಅನ್ನಿಸುತ್ತದೆ. ಅರ್ಧ ನಿಜ, ಇನ್ನರ್ಧದ ಕಥೆ ಆಮೇಲೆ ಹೇಳುತ್ತೇನೆ.

ಇಲ್ಲಿ ಹೇಳುತ್ತಿರುವುದು ಒಂದೇ ಸಂಜೆಯ, ಒಬ್ಬರೇ ಪ್ರೇಕ್ಷಕರ ಜೊತೆ ನಡೆದ ಸುಮಾರು ಮೂರು ನಿಮಿಷದ ಮಾತು. ಅವರ ಊರು, ಸೀಟು, ಗುರುತು ಹಿಡಿಯುವಂಥ ಇತರ ವಿವರ ಬದಲಾಯಿಸಿದ್ದೇನೆ. ಮಾತುಗಳನ್ನು ಬದಲಾಯಿಸಿಲ್ಲ.

## ಹಾಲ್, ಲೈಟು, ಮೊದಲ ಸಾಲು

ಬಸವನಗುಡಿ ಕಡೆಯ ಒಂದು ಕಟ್ಟಡದ ಮಹಡಿ. ಭಾನುವಾರ ಸಂಜೆ ಆರೂವರೆ. 80 ಕುರ್ಚಿ, 64 ಜನ. ಸ್ಟೇಜ್ ಅಂದರೆ ಒಂದಡಿ ಎತ್ತರದ ಮರದ ಹಲಗೆ. ಒಂದೇ ಲೈಟು, ಅದು ನನ್ನ ಮುಖಕ್ಕೆ. ಅದರ ಬೆಳಕು ಚೆಲ್ಲಿ ಮುಂದಿನ ಎರಡು ಸಾಲು ಚೆನ್ನಾಗಿ ಕಾಣುತ್ತದೆ, ಮೂರನೇ ಸಾಲು ಮಂಕಾಗಿ, ಅದರ ಹಿಂದೆ ಬರೀ ಕತ್ತಲು. ಹಾಗಾಗಿ "ಯಾಕೆ ಯಾವಾಗಲೂ ಮುಂದೆ ಕೂತವರನ್ನೇ ಹಿಡೀತೀರಾ?" ಅಂತ ಜನ ಕೇಳಿದರೆ ಉತ್ತರ ತುಂಬ ಸರಳ. ಅವರಷ್ಟೇ ಕಾಣೋದು.

ಶೋ ಶುರುವಾಗುವ ಮುಂಚೆ ನಾನು ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತೇನೆ. ಯಾರು ತಾವಾಗಿಯೇ ಮುಂದಿನ ಸಾಲಿಗೆ ಹೋದರು, ಯಾರನ್ನು ವಾಲಂಟಿಯರ್ ಹುಡುಗರು "ಸರ್ ಮುಂದೆ ಬನ್ನಿ, ಮುಂದೆ ಬನ್ನಿ" ಅಂತ ತಳ್ಳಿದರು ಅನ್ನೋದನ್ನ ನೋಡಿಕೊಳ್ಳುತ್ತೇನೆ. ಈ ಎರಡು ಥರದವರ ನಡುವೆ ಅಜಗಜಾಂತರ. ತಾನಾಗಿ ಮುಂದೆ ಕೂತವನು ಮಾತಾಡಿಸಲಿ ಅಂತಲೇ ಕೂತಿರುತ್ತಾನೆ. ತಳ್ಳಿಸಿಕೊಂಡು ಬಂದವನು ಹಾಗಲ್ಲ.

ಆವತ್ತು ಮಳೆ. ನಾನೇ ಹಾಲ್‌ಗೆ ಬಂದಿದ್ದು ಆರು ಇಪ್ಪತ್ತಕ್ಕೆ. ಬಾಗಿಲಲ್ಲಿ ನಿಲ್ಲಲಿಲ್ಲ. ಮುಂದಿನ ಸಾಲಿನ ಮೂರನೇ ಕುರ್ಚಿಯಲ್ಲಿ ಕೂತ ಐವತ್ತು ದಾಟಿದ ಆ ಮನುಷ್ಯ ಹಿಂದೆ, ಬಾಗಿಲ ಪಕ್ಕದ ಸೀಟು ಕೇಳಿದ್ದರಂತೆ. "ಮುಂದೆ ಎಲ್ಲ ಖಾಲಿ ಕಾಣುತ್ತೆ ಸರ್, ವಿಡಿಯೋ ಇದೆ" ಅಂತ ನಮ್ಮ ಹುಡುಗನೇ ಕರೆದುಕೊಂಡು ಹೋಗಿ ಮುಂದೆ ಕೂರಿಸಿದ್ದ. ಈ ವಿಷಯ ನನಗೆ ಗೊತ್ತಾಗಿದ್ದು ಶೋ ಮುಗಿದ ಮೇಲೆ. ಗೊತ್ತಿದ್ದರೆ ಅವರ ಹತ್ತಿರ ಹೋಗುತ್ತಲೇ ಇರಲಿಲ್ಲ.

ಅವರ ಪಕ್ಕದಲ್ಲಿ ಇಪ್ಪತ್ತನಾಲ್ಕು-ಇಪ್ಪತ್ತೈದರ ಒಬ್ಬ ಹುಡುಗಿ. ಅವರ ಅಕ್ಕನ ಮಗಳು. ಟಿಕೆಟ್ ತೆಗೆಸಿ "ಬಾ ಮಾಮ" ಅಂತ ಎಳೆದುಕೊಂಡು ಬಂದವಳು ಅವಳೇ.

## ಮೊದಲ ನಾಲ್ಕು ನಿಮಿಷ

ಮೊದಲು ಹಿಡಿದಿದ್ದು ಎರಡನೇ ಸಾಲಿನ ಒಬ್ಬ ಹುಡುಗನನ್ನು.

"ಎಲ್ಲಿಂದ ಬಂದ್ರಿ?"

"ವೈಟ್‌ಫೀಲ್ಡ್."

"ವೈಟ್‌ಫೀಲ್ಡಿಂದ ಬಸವನಗುಡಿಗೆ! ಯಾವಾಗ ಹೊರಟ್ರಿ, ಗುರುವಾರಾನಾ?"

ನಗು. ಈಗ ಆ ಇನ್ನರ್ಧದ ಗುಟ್ಟು. ಈ ಮಾತು ನನಗೆ ಆವತ್ತು ಹೊಳೆದದ್ದಲ್ಲ. ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಮಾತು. ಬೆಂಗಳೂರಿನ ಕನ್ನಡ ಶೋಗೆ ಬರುವವರಲ್ಲಿ ಸಾಫ್ಟ್‌ವೇರ್, ಸಾಫ್ಟ್‌ವೇರ್, ಬ್ಯಾಂಕು, ಟೀಚರ್, ಮತ್ತೆ ಸಾಫ್ಟ್‌ವೇರ್. ಬರುವ ಉತ್ತರಗಳು ಎಂಟೋ ಹತ್ತೋ ಡಬ್ಬಗಳಲ್ಲಿ ಹಿಡಿಸುತ್ತವೆ. ಪ್ರತಿ ಡಬ್ಬಕ್ಕೂ ಎರಡು ಮೂರು ಮಾತು ರೆಡಿ ಇರುತ್ತವೆ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಯಕ್ಷಗಾನದ ಹಾಸ್ಯಗಾರನ ಹತ್ತಿರವೂ ಇಂಥ ಸರಕು ಇರುತ್ತದೆ. ಯಾವಾಗ ಎಲ್ಲಿ ತೆಗೆಯಬೇಕು ಅನ್ನೋದು ಆ ರಾತ್ರಿಯ ಆಶುಮಾತು.

ಆದರೆ ಒಂದು ಅಪಾಯ ಇದೆ. ಜೇಬಿನಲ್ಲಿ ಮಾತು ಇದ್ದಾಗ ಕಿವಿ ಮುಚ್ಚುತ್ತದೆ. ಎದುರಿನವರು ಬಾಯಿ ತೆರೆಯುತ್ತಿದ್ದ ಹಾಗೆ "ಓ, ಇದು ಆ ಡಬ್ಬ" ಅಂತ ಕೈ ಜೇಬಿಗೆ ಹೋಗುತ್ತದೆ. ಅವರು ಹೇಗೆ ಹೇಳಿದರು, ಎಷ್ಟು ಮೆಲ್ಲಗೆ ಹೇಳಿದರು ಅನ್ನೋದು ತಲೆಗೆ ಹೋಗಲ್ಲ.

ವೈಟ್‌ಫೀಲ್ಡ್ ಆದ ಮೇಲೆ ಹೊಸದಾಗಿ ಮದುವೆಯಾದ ಜೋಡಿ. ಅದೂ ಚೆನ್ನಾಗಿಯೇ ಹೋಯಿತು, ವಿವರ ಬೇಡ. 4 ನಿಮಿಷ 20 ಸೆಕೆಂಡಿಗೆ ನಾನು ಮೂರನೇ ಕುರ್ಚಿಗೆ ಬಂದೆ.

## ಕೆಟ್ಟದ್ದು

"ಸರ್, ತಾವು ಏನ್ ಮಾಡ್ಕೊಂಡಿದೀರಾ?"

"ಲೈನ್‌ಮ್ಯಾನ್ ಸರ್. ಕರೆಂಟ್ ಆಫೀಸು."

ಕರೆಂಟು! ನನ್ನ ಜೇಬಿನಲ್ಲಿ ಕರೆಂಟ್ ಹೋಗುವುದರ ಬಗ್ಗೆ ಐದು ಮಾತು ಇದ್ದವು. ಹೊರಗೆ ಮಳೆ ಬೇರೆ.

"ಅಯ್ಯೋ ಸರ್, ಎಷ್ಟು ಹುಡುಕಿದೀವಿ ನಿಮ್ಮನ್ನ! ಕರೆಂಟ್ ಹೋದಾಗೆಲ್ಲ ಫೋನ್ ಮಾಡ್ತೀವಿ. ಒಂದ್ ಸಲಾನೂ ಎತ್ತಲ್ವಲ್ಲ!"

ಜೋರು ನಗು. ಆವರೆಗಿನ ಅತಿ ದೊಡ್ಡ ನಗು ಅದು. ಹಾಲಿನಲ್ಲಿ ಕೂತ ಪ್ರತಿಯೊಬ್ಬರೂ ಕತ್ತಲಲ್ಲಿ ಕೂತು ಆ ಫೋನ್ ಮಾಡಿದವರೇ. ಇಲ್ಲಿವರೆಗೆ ನಾನು ಮಾಡಿದ್ದರಲ್ಲಿ ದೊಡ್ಡ ತಪ್ಪೇನೂ ಇಲ್ಲ, ಒಂದನ್ನು ಬಿಟ್ಟು. ಅವರು ಹೇಳಿದ್ದನ್ನು ಮೈಕ್‌ನಲ್ಲಿ ಮತ್ತೆ ಹೇಳಲಿಲ್ಲ. ಅವರ ಹತ್ತಿರ ಮೈಕ್ ಇಲ್ಲ. ಮೆಲ್ಲಗೆ ಮಾತಾಡುವ ಮನುಷ್ಯ. ನಾಲ್ಕನೇ ಸಾಲಿನ ಹಿಂದೆ ಇದ್ದವರಿಗೆ ನನ್ನ ಮಾತು ಕೇಳಿಸಿತು, ಅವರದ್ದು ಕೇಳಿಸಲಿಲ್ಲ. ಉತ್ತರವನ್ನು ಮತ್ತೆ ಹೇಳುವುದು ಕ್ರೌಡ್ ವರ್ಕ್‌ನ ಮೊದಲ ಪಾಠ. ಹಿಂದಿನವರಿಗೆ ಕೇಳಿಸುತ್ತದೆ, ಜೊತೆಗೆ ಯೋಚನೆ ಮಾಡೋಕೆ ನಮಗೂ ಎರಡು ಸೆಕೆಂಡ್ ಸಿಗುತ್ತದೆ. ನನಗೆ ಯೋಚನೆಯೇ ಬೇಕಿರಲಿಲ್ಲವಲ್ಲ, ಮಾತು ರೆಡಿ ಇತ್ತು!

ನಗು ಇಳಿಯುವವರೆಗೆ ಅವರು ಕಾದರು. ಆಮೇಲೆ ಸಣ್ಣಗೆ ನಕ್ಕು ಹೇಳಿದರು:

"ಕಂಬದ ಮೇಲೆ ಇರ್ತೀವಿ ಸರ್. ಎರಡೂ ಕೈ ಬೇಕಾಗುತ್ತೆ."

ಮುಂದಿನ ಎರಡು ಸಾಲು ಗೊಳ್ಳೆಂದಿತು. ಒಂದಿಬ್ಬರು ಚಪ್ಪಾಳೆ ಹೊಡೆದರು. ಹಿಂದಿನಿಂದ "ಏನಂದ್ರು? ಏನಂದ್ರು?" ಅಂತ ಕೇಳಿತು.

ಆ ಸಂಜೆ ಯಾರೂ ಹೇಳಿದ್ದಕ್ಕಿಂತ ಒಳ್ಳೆಯ ಮಾತು ಅದು, ಕಾಮಿಡಿಯನ್ನರನ್ನೂ ಸೇರಿಸಿ. ನಾನು ಮಾಡಬೇಕಿದ್ದ ಕೆಲಸ ಒಂದೇ. ಆ ಮಾತನ್ನು ಮೈಕ್‌ನಲ್ಲಿ ಅಕ್ಷರಕ್ಕೆ ಅಕ್ಷರ ಹೇಳಿ, ಅವರಿಗೆ ಕೈಮುಗಿದು, ಬಿದ್ದೆ ಅಂತ ಒಪ್ಪಿಕೊಳ್ಳಬೇಕಿತ್ತು. ಇಡೀ ಹಾಲಿಗೆ ಆ ನಗು ಸಿಗುತ್ತಿತ್ತು. ಆದರೆ ಸ್ಟೇಜ್ ಮೇಲೆ ಮೈಕ್ ಹಿಡಿದವನಿಗೆ ಪ್ರೇಕ್ಷಕ ತನಗಿಂತ ಜಾಸ್ತಿ ನಗಿಸಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹೊಟ್ಟೆಕಿಚ್ಚು ಅಂತಲೇ ಅನ್ನಿ. ನಾನು ಗೆಲ್ಲೋಕೆ ಹೋದೆ.

"ಕಂಬದ ಮೇಲಾ? ನಾನು ನೋಡಿದಾಗೆಲ್ಲ ನೀವು ಕಂಬದ ಕೆಳಗೇ ಇರ್ತೀರಲ್ಲ ಸರ್, ಟೀ ಅಂಗಡೀಲಿ!"

ಮೂರು ಜನ ನಕ್ಕರು. ಆಮೇಲೆ ಆ ಪಾಯಸದ ಬಕೆಟ್ ಸದ್ದು.

ಇಲ್ಲಿ ನಾನು ತುಂಬಾ ವರ್ಷ ತಪ್ಪು ತಿಳಿದುಕೊಂಡಿದ್ದ ಒಂದು ವಿಷಯ ಹೇಳಬೇಕು. ಮಾತು ನಾಟಿತಾ, ನೋವಾಯಿತಾ ಅಂತ ತಿಳಿಯೋಕೆ ನಾವು ಯಾರ ಮೇಲೆ ಮಾತು ಹಾಕಿದೆವೋ ಅವರ ಮುಖ ನೋಡುತ್ತೇವೆ. ಆ ಮುಖ ಏನೂ ಹೇಳಲ್ಲ. ಲೈಟು ಬಿದ್ದು, ಅರವತ್ತು ಜನ ತಿರುಗಿ ನೋಡುತ್ತಿರುವಾಗ ಯಾರೇ ಆಗಲಿ ನಗುತ್ತಾರೆ. ಮರ್ಯಾದೆ ಉಳಿಸಿಕೊಳ್ಳೋಕೆ ಇರುವ ದಾರಿ ಅದೊಂದೇ. ನೋಡಬೇಕಾದ್ದು ಅವರ ಪಕ್ಕದವರನ್ನ. ವಿಡಿಯೋದಲ್ಲಿ ಲೈನ್‌ಮ್ಯಾನ್ ನಗುತ್ತಲೇ ಇದ್ದಾರೆ. ಆದರೆ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ತಮ್ಮ ಕೈಗಳನ್ನೇ ನೋಡುತ್ತಿದ್ದಾರೆ. ಅಕ್ಕನ ಮಗಳು ಮೊದಲ ಮಾತಿಗೆ ಮಾಮನ ಭುಜಕ್ಕೆ ಹೊಡೆದು ನಕ್ಕಿದ್ದವಳು, ಈಗ ಕೈಕಟ್ಟಿ ನನ್ನನ್ನು ನೆಟ್ಟ ನೋಟದಲ್ಲಿ ನೋಡುತ್ತಿದ್ದಾಳೆ. ಹಾಲಿನ ತೀರ್ಪು ಅವಳ ಮುಖದ ಮೇಲೆ ಬರೆದಿತ್ತು.

ಅಷ್ಟಕ್ಕೂ ನಿಲ್ಲಿಸಲಿಲ್ಲ ನಾನು. "ತಮಾಷೆಗೆ ಹೇಳಿದ್ದು ಸರ್, ಬೇಜಾರ್ ಮಾಡ್ಕೋಬೇಡಿ" ಅಂದೆ. ಕೇಳೋಕೆ ವಿನಯದ ಮಾತು. ಆದರೆ ಅವರಿಗೆ ಬೇಜಾರಾಗಿದೆ ಅಂತ ಇಡೀ ಹಾಲಿಗೆ ಡಂಗುರ ಸಾರಿದ ಹಾಗಾಯಿತು. ಈಗ ಅವರು "ಪರವಾಗಿಲ್ಲ ಸರ್" ಅನ್ನಲೇಬೇಕು. ಅಂದರು ಕೂಡ. ಪಾಪ, ನನ್ನ ತಪ್ಪಿಗೆ ಸಮಾಧಾನ ಹೇಳುವ ಕೆಲಸವೂ ಅವರ ತಲೆಗೇ ಬಂತು.

ಆಮೇಲೆ ಮೌನ. ಗಡಿಯಾರ ಹಿಡಿದರೆ 4 ಸೆಕೆಂಡ್.

## ಎರಡು ಮಾತಿನ ನಡುವೆ ಏನು ವ್ಯತ್ಯಾಸ

ಎರಡೂ ಕರೆಂಟ್ ಜೋಕೇ. ಎರಡೂ ಅವರ ಕೆಲಸದ ಮೇಲೆಯೇ. ಒಂದಕ್ಕೆ ಆವರೆಗಿನ ದೊಡ್ಡ ನಗು, ಇನ್ನೊಂದಕ್ಕೆ ಉಸಿರೆಳೆದ ಸದ್ದು. ಯಾಕೆ?

ಮೊದಲ ಮಾತಿನಲ್ಲಿ ಪೆಟ್ಟು ಬಿದ್ದಿದ್ದು ಆಫೀಸಿಗೆ, ಎತ್ತದ ಆ ಫೋನಿಗೆ. ಅವರು ಅದರ ಪರವಾಗಿ ಬಂದ ರಾಯಭಾರಿ ಅಷ್ಟೇ. ಆಟದ ಥರ ಬೈಸಿಕೊಂಡು, ಆಟದ ಥರವೇ ಉತ್ತರ ಕೊಡಲು ಅವರಿಗೆ ಜಾಗ ಇತ್ತು. ಕೊಟ್ಟರು ಕೂಡ. ಎರಡನೇ ಮಾತು ನೇರ ಮನುಷ್ಯನಿಗೆ: ನೀನು ಕೆಲಸಗಳ್ಳ. ಅದೂ ಎರಡೂ ಕೈ ಬೇಕಾಗುವ ಕೆಲಸ ಅಂತ ಅವರು ಹೇಳಿದ ಮರುಕ್ಷಣ. ಅದಕ್ಕೆ ತಿರುಗಿ ಏನು ಹೇಳೋಕೆ ಸಾಧ್ಯ? "ಇಲ್ಲ, ನಾನು ಕೆಲಸ ಮಾಡ್ತೀನಿ" ಅಂತಲಾ?

ಇನ್ನೂ ಒಂದು ಲೆಕ್ಕ ಇತ್ತು. ಆ ಸಾಲಿನಲ್ಲಿ ಎಸಿ ಆಫೀಸಿನಲ್ಲಿ ಕೂರದ ಮನುಷ್ಯ ಅವರೊಬ್ಬರೇ. ವೈಟ್‌ಫೀಲ್ಡ್ ಹುಡುಗನಿಗೆ "ನೀನು ದಿನವೆಲ್ಲ ಟೀ ಕುಡೀತೀಯ" ಅಂದಿದ್ದರೆ ಅವನೇ ಮೊದಲು ನಗುತ್ತಿದ್ದ, ನಿಜ ಅಂತ ಒಪ್ಪಿಕೊಂಡು. ಅದೇ ಮಾತು ಇಲ್ಲಿಗೆ ಬಂದಾಗ ತೂಕ ಬದಲಾಗುತ್ತದೆ. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ಮಾತು ಬಿಟ್ಟು ಆ ದಿನದ ರಾಜಕಾರಣಕ್ಕೆ ಜಿಗಿದರೆ ಜನ ಎದ್ದು ಕೂರುತ್ತಿದ್ದರು. ಅವರು ಝಾಡಿಸುತ್ತಿದ್ದುದು ಅಧಿಕಾರದಲ್ಲಿ ಇದ್ದವರನ್ನ. ನಾನು ಆವತ್ತು ಒಂದಡಿ ಎತ್ತರದ ಹಲಗೆಯ ಮೇಲೆ ಮೈಕ್ ಹಿಡಿದು ನಿಂತು, ಹಿಂದೆ ಕೂರುತ್ತೇನೆ ಅಂದವರನ್ನ ಮುಂದೆ ಕೂರಿಸಿ, ಮೈಕ್ ಇಲ್ಲದ ಅವರ ಮೇಲೆ ಗೆಲ್ಲೋಕೆ ಹೊರಟಿದ್ದೆ.

ಸ್ನೇಹದ ಮಾತು ಅನ್ನಿಸಿಕೊಳ್ಳಬೇಕಾದರೆ, ಮನುಷ್ಯ ತಾನಾಗಿ ಆರಿಸಿಕೊಂಡಿದ್ದರ ಮೇಲೆ ಮಾತು ಹಾಕುವುದು ವಾಸಿ. ಹಾಕಿಕೊಂಡು ಬಂದ ಗಿಳಿಹಸಿರು ಶರ್ಟು, ತಡವಾಗಿ ಬಂದದ್ದು, ಮಳೆಯಲ್ಲೂ ಹಾಕಿಕೊಂಡ ಕೂಲಿಂಗ್ ಗ್ಲಾಸ್. ಬಣ್ಣ, ಮೈಕಟ್ಟು, ಭಾಷೆಯ ಧಾಟಿ ಇವೆಲ್ಲ ಯಾರೂ ಆರಿಸಿಕೊಂಡದ್ದಲ್ಲ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ಗುಂಡಿ ಇದೆ. "ಯಾವೂರು?" ಅನ್ನೋದು ನಮ್ಮಲ್ಲಿ ಎಲ್ಲಕ್ಕಿಂತ ಸಲೀಸಾದ ಪ್ರಶ್ನೆ. ಆದರೆ ಅದರ ಹಿಂದೆಯೇ "ಅಲ್ಲಿ ಯಾರ ಪೈಕಿ?" ಅಂತ ಬಾಯಿಗೆ ಬಂದುಬಿಡುತ್ತದೆ, ಮದುವೆ ಮನೆಯ ಅಭ್ಯಾಸ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ? ಹಾಗೆಯೇ ಧಾರವಾಡದವರು ಮಾತಾಡಿದ ತಕ್ಷಣ ಅವರ ಎದುರಿಗೇ ಅವರ ಧಾಟಿಯಲ್ಲಿ ಅಣಕಿಸುವುದು. ಬೆಂಗಳೂರಿನವರು ನಗುತ್ತಾರೆ. ಮಾತಾಡಿದವರು ಆಮೇಲೆ ಇಡೀ ಶೋ ಬಾಯಿ ಬಿಡಲ್ಲ.

## ಸರಿಹೋದದ್ದು

ಆ 4 ಸೆಕೆಂಡಿನಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಅವರನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದು. ಬಹಳ ಜನ ಇದನ್ನೇ ಮಾಡುತ್ತಾರೆ, ನಾನೂ ಹಿಂದೆ ಮಾಡಿದ್ದೇನೆ. ಅದು ಸರಿಹೋಗಲ್ಲ. ಹಾಲ್ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಮುಂದೆ ಯಾರನ್ನು ಮಾತಾಡಿಸಿದರೂ ಜನ "ಇವರಿಗೇನು ಕಾದಿದೆಯೋ" ಅಂತ ಬಿಗಿಯಾಗಿ ಕೂರುತ್ತಾರೆ. ನಗೋಕೆ ಮೈ ಸಡಿಲವಾಗಬೇಕು.

ಇನ್ನೊಂದು, ಅವರ ಹತ್ತಿರವೇ ವಾಪಸ್ ಹೋಗುವುದು. ನಾನು ಹಲಗೆಯಿಂದ ಕೆಳಗಿಳಿದೆ. ಇದೇನು ಮೊದಲೇ ಯೋಚಿಸಿ ಮಾಡಿದ್ದಲ್ಲ, ಕಾಲು ತಾನಾಗಿ ಇಳಿಯಿತು. ಆದರೆ ವಿಡಿಯೋ ನೋಡಿದಾಗ ಗೊತ್ತಾಗಿದ್ದು, ಹಾಲ್ ಬದಲಾಗಿದ್ದು ಅಲ್ಲೇ. ಅವರ ಎತ್ತರಕ್ಕೆ ಬಂದ ತಕ್ಷಣ ಅಕ್ಕನ ಮಗಳ ಕೈ ಬಿಚ್ಚಿಕೊಂಡಿತು.

"ಸರ್, ನಿಮ್ಮ ಮಾತು ಹಿಂದಿನವರಿಗೆ ಕೇಳಿಸ್ಲಿಲ್ಲ. ನಾನು ಫೋನ್ ಎತ್ತಲ್ಲ ಅಂದೆ. ಸರ್ ಏನಂದ್ರು ಗೊತ್ತಾ? 'ಕಂಬದ ಮೇಲೆ ಇರ್ತೀವಿ, ಎರಡೂ ಕೈ ಬೇಕಾಗುತ್ತೆ.'"

ಒಂದು ನಿಮಿಷ ತಡವಾಗಿ ಬಂದರೂ ಆ ಮಾತಿಗೆ ಸಿಗಬೇಕಾದ ನಗು ಹಿಂದಿನ ಸಾಲುಗಳಿಂದ ಸಿಕ್ಕಿತು, ಚಪ್ಪಾಳೆ ಸಮೇತ. ನನಗಲ್ಲ, ಅವರಿಗೆ. ನಾನು ಚಪ್ಪಾಳೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ನಿಂತೆ. ಆಮೇಲೆ, ಜೋಕಿಗಾಗಿ ಅಲ್ಲದೆ, ನಿಜವಾಗಿ ಗೊತ್ತಾಗಬೇಕಿದ್ದದ್ದನ್ನೇ ಕೇಳಿದೆ.

"ಸರ್, ಮೇಲಿದ್ದಾಗ ಫೋನ್ ರಿಂಗ್ ಆದ್ರೆ ಏನ್ ಮಾಡ್ತೀರಾ?"

ಮೈಕನ್ನು ಅವರ ಬಾಯಿ ಹತ್ತಿರ ಹಿಡಿದೆ. ಹಿಡಿದೆ ಅಷ್ಟೇ, ಕೈಗೆ ಕೊಡಲಿಲ್ಲ. ಮೈಕ್ ಕೈಗೆ ಕೊಟ್ಟರೆ ಕೆಲವರು ಗಾಬರಿ ಬೀಳುತ್ತಾರೆ, ಕೆಲವರು ಬಿಡುವುದೇ ಇಲ್ಲ.

"ರಿಂಗ್ ಆಗ್ಲಿ ಅಂತ ಬಿಡ್ತೀವಿ ಸರ್."

"ಯಾರದ್ದಾದ್ರೂ?"

ಯೋಚಿಸಿದರು. "ಮನೆಯವಳದ್ದಕ್ಕೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟಿದೀನಿ."

"ಅದು ಬಂದ್ರೆ?"

"ಇಳೀತೀನಿ."

ಹಾಲ್ ಸಿಡಿಯಿತು. ಅಕ್ಕನ ಮಗಳು ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಒಂದೇ ಮಾತು ಸೇರಿಸಿದೆ: "ಹನ್ನೊಂದು ಸಾವಿರ ವೋಲ್ಟ್‌ಗೆ ಹೆದರದ ಮನುಷ್ಯ, ಒಂದು ರಿಂಗ್‌ಟೋನ್‌ಗೆ ಕೆಳಗೆ ಬರ್ತಾರೆ. ನಾನಾದ್ರೆ ಬಲ್ಬ್ ಬದಲಾಯಿಸೋಕೂ ಯೂಟ್ಯೂಬ್ ನೋಡ್ತೀನಿ, ಸ್ಟೂಲ್ ಹಿಡ್ಕೊಳ್ಳೋಕೆ ಅಮ್ಮ ಬೇಕು."

ಹೆಂಡತಿಗೆ ಹೆದರುವ ಗಂಡ ಹಳಸಲು ಸರಕು, ಒಪ್ಪುತ್ತೇನೆ. ನಾನು ಬರೆದು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಅವರು "ಇಳೀತೀನಿ" ಅಂದ ರೀತಿಯಲ್ಲಿ ಹೆದರಿಕೆಗಿಂತ ಬೇರೇನೋ ಇತ್ತು, ಜನ ನಕ್ಕಿದ್ದು ಅದಕ್ಕೆ. ವೋಲ್ಟಿನ ವಿಷಯದಲ್ಲೂ ಅವರು ಶೋ ಆದ ಮೇಲೆ ನನ್ನನ್ನ ತಿದ್ದಿದರು: "ಲೈನ್ ಕ್ಲಿಯರ್ ತಗೊಂಡು, ಸಪ್ಲೈ ಆಫ್ ಮಾಡ್ಸಿನೇ ಹತ್ತೋದು ಸರ್. ಹೆದರದೇ ಇರೋನು ಈ ಕೆಲಸಕ್ಕೆ ಬರಬಾರದು."

ಇಲ್ಲಿಗೆ 7 ನಿಮಿಷ 15 ಸೆಕೆಂಡ್. "ಸರ್‌ಗೆ ಒಂದು ಜೋರು ಚಪ್ಪಾಳೆ" ಅಂತ ಹೇಳಿ ಬಿಟ್ಟುಬಿಟ್ಟೆ. ಇನ್ನೂ ಎರಡು ಪ್ರಶ್ನೆ ನಾಲಿಗೆ ತುದಿಯಲ್ಲಿತ್ತು. ಕೇಳಿದ್ದರೆ ನಗುವೂ ಬರುತ್ತಿತ್ತೇನೋ, ಆದರೆ ಇದಕ್ಕಿಂತ ಚಿಕ್ಕದು. ಕ್ರೌಡ್ ವರ್ಕ್‌ನಲ್ಲಿ ಎಲ್ಲರೂ ಕೆಡುವುದು ಹೊರಡುವುದರಲ್ಲೇ. ನಗು ಇಳಿಯುವವರೆಗೂ ಅದೇ ಮನುಷ್ಯನನ್ನ ಹಿಂಡುತ್ತೇವೆ. ಕೊನೆಗೆ ಜನರಿಗೆ ಆ ಸಪ್ಪೆ ಮಾತೇ ನೆನಪಲ್ಲಿ ಉಳಿಯುತ್ತದೆ.

ಸ್ಟೇಜಿನಿಂದ ಹೊರಗೆ ಬಂದು ಮುಂದಿನ ಮೂವರು ಕಾಮಿಡಿಯನ್ನರಿಗೆ ಹೇಳಿದೆ: ಮೂರನೇ ಕುರ್ಚಿ ಲೈನ್‌ಮ್ಯಾನ್, ಆಗಿದೆ, ಅವರನ್ನ ಮತ್ತೆ ಮುಟ್ಟಬೇಡಿ. ಹೋಸ್ಟ್ ಇದನ್ನು ಹೇಳದಿದ್ದರೆ ಬಂದವರೆಲ್ಲ ಅದೇ ಮುಖ ನೋಡಿ "ಸರ್ ಏನ್ ಮಾಡ್ತೀರಾ?" ಅಂತಲೇ ಶುರು ಮಾಡುತ್ತಾರೆ. ನಾಲ್ಕನೇ ಸಲ ಕೇಳುವಾಗ ಎಂಥವರಿಗೂ ಸಾಕಾಗುತ್ತದೆ.

ಅವರನ್ನ ಮತ್ತೆ ಯಾರೂ ಮಾತಾಡಿಸಲಿಲ್ಲ. ಆದರೆ ಕೊನೆಯವರು ಸ್ಟೇಜ್ ಮೇಲಿದ್ದಾಗ, ಮಳೆ ಜೋರಾಗಿ ಲೈಟ್ ಒಂದು ಸಲ ಪಕ್ ಅಂತ ಹೋಗಿ ಬಂತು. ಒಂದು ಕ್ಷಣ ಯಾರೂ ಏನೂ ಹೇಳಲಿಲ್ಲ. ಆಮೇಲೆ ಅರವತ್ತು ತಲೆ ಒಟ್ಟಿಗೆ ಮೂರನೇ ಕುರ್ಚಿಯ ಕಡೆ ತಿರುಗಿದವು. ಅವರು ಮಾತಾಡಲಿಲ್ಲ. ನಿಧಾನಕ್ಕೆ ಎರಡೂ ಕೈ ಮೇಲೆತ್ತಿ ತೋರಿಸಿದರು, ಖಾಲಿ ಇವೆ ನೋಡಿ ಅನ್ನೋ ಥರ.

ನಾಲ್ಕು ಜನ ಕಾಮಿಡಿಯನ್ನರಿದ್ದ ಶೋನ ದೊಡ್ಡ ನಗು ಅದು. ಸ್ಟೇಜ್ ಮೇಲಿದ್ದವನು ಬುದ್ಧಿವಂತ, ಅದರ ಮೇಲೆ ಏನೂ ಹೇಳಲಿಲ್ಲ. ಮೈಕ್ ಸ್ಟ್ಯಾಂಡಿಗೆ ಒರಗಿ ಕಾದ.

## ಆಮೇಲೆ ಬದಲಾಯಿಸಿಕೊಂಡದ್ದು

ನನ್ನ ಮೊದಲ ಪ್ರಶ್ನೆ ಬದಲಾಗಿದೆ. "ಏನ್ ಮಾಡ್ತೀರಾ?" ಅಂತ ಈಗ ಶುರುವಿನಲ್ಲಿ ಕೇಳಲ್ಲ. ನಮ್ಮಲ್ಲಿ ಆ ಪ್ರಶ್ನೆ ಮನುಷ್ಯನನ್ನ ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕು ಅಂತ ನೋಡುವ ಪ್ರಶ್ನೆ. ಕೆಲಸ ಹೋದವರಿರುತ್ತಾರೆ, ಪರೀಕ್ಷೆ ಕಟ್ಟಿ ಕಟ್ಟಿ ಸಾಕಾದವರಿರುತ್ತಾರೆ. ಅದರ ಬದಲು "ಇವತ್ತು ನಿಮ್ಮನ್ನ ಇಲ್ಲಿಗೆ ಯಾರು ಎಳ್ಕೊಂಡು ಬಂದ್ರು?" ಅಂತ ಕೇಳುತ್ತೇನೆ. ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಯಾರ ಅಂತಸ್ತೂ ಬಯಲಾಗಲ್ಲ. ಉತ್ತರ ಕೊಡುವವರು ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ, ತಪ್ಪೆಲ್ಲ ಕರೆದುಕೊಂಡು ಬಂದವರ ಮೇಲೆ ಹೋಗುತ್ತದೆ. ಅವರಿಬ್ಬರ ನಡುವೆ ಸಣ್ಣ ಜಗಳ ಹತ್ತಿಕೊಂಡರೆ ನಾನು ಅರ್ಧ ಕೆಲಸ ಮಾಡಿದರೆ ಸಾಕು. ಆವತ್ತು ಇದನ್ನೇ ಕೇಳಿದ್ದರೆ ಆ ಹುಡುಗಿ ಮಾತಾಡುತ್ತಿದ್ದಳು. ಮಾಮನ ಬಗ್ಗೆ ಹೇಳೋಕೆ ಅವಳ ಹತ್ತಿರ ಬೇಕಾದಷ್ಟು ಇತ್ತು ಅಂತ ಆಮೇಲೆ ಗೊತ್ತಾಯಿತು.

ಕರೆಯುವ ರೀತಿಯ ಮೇಲೂ ಗಮನ ಜಾಸ್ತಿಯಾಗಿದೆ. "ಗುರು", "ಮಗಾ" ಅನ್ನೋದು ಇಪ್ಪತ್ತರ ಹುಡುಗರಿಗೆ ಸರಿ. ನಲವತ್ತರವರಿಗೆ "ಅಂಕಲ್" ಅಂದರೆ ಅದೇ ಒಂದು ಪೆಟ್ಟು. ನಾನು ಆವತ್ತು ಬಳಸಿದ "ಸರ್, ತಾವು" ಕೂಡ ಅಷ್ಟೇನೂ ಸರಿ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಹಳ್ಳಿ ಕಡೆಯ ಹಿರಿಯರಿಗೆ ಸ್ಟೇಜ್ ಮೇಲಿಂದ "ತಾವು" ಅಂದರೆ, ಗೌರವವಾ ವ್ಯಂಗ್ಯವಾ ಅಂತ ಅವರು ಮೊದಲು ತೂಗಿ ನೋಡುತ್ತಾರೆ.

ಎಲ್ಲಕ್ಕಿಂತ ಕಷ್ಟದ ಬದಲಾವಣೆ ಸೋಲುವುದು. ಪ್ರೇಕ್ಷಕರು ಒಳ್ಳೆಯ ಮಾತು ಹೇಳಿದರೆ ಮತ್ತೆ ಹೇಳಿ, ತಲೆಬಾಗಿ, ಮುಂದೆ ಹೋಗು. ಹೇಳೋಕೆ ಸುಲಭ. ಹತ್ತರಲ್ಲಿ ಮೂರು ಸಲ ಈಗಲೂ ನಾಲಿಗೆ ಮೊದಲು ಓಡುತ್ತದೆ. ಕೂಗಾಡಿ ಶೋ ಕೆಡಿಸುವವರ ಲೆಕ್ಕ ಬೇರೆ, ಅಲ್ಲಿ ಗೆಲ್ಲಲೇಬೇಕು. ಆದರೆ ನಾವೇ ಮಾತಿಗೆ ಎಳೆದವರು ತಿರುಗಿ ಮಾತಾಡಿದರೆ ಅದು ಅಡ್ಡಿ ಅಲ್ಲ, ನಾವು ಕೇಳಿದ್ದಕ್ಕೆ ಕೊಟ್ಟ ಉತ್ತರ.

## ವಿಡಿಯೋ

ಶೋ ಆದ ಮಾರನೇ ದಿನ ನಮ್ಮ ಎಡಿಟರ್ ಹುಡುಗ ಆ ಮೂರು ನಿಮಿಷವನ್ನ ಕತ್ತರಿಸಿ ಕಳಿಸಿದ. ಟೀ ಅಂಗಡಿ ಮಾತು, ಸಾರಿ, ಮೌನ ಎಲ್ಲ ತೆಗೆದು 50 ಸೆಕೆಂಡಿಗೆ ಇಳಿಸಿದ್ದ. ನೋಡಿದರೆ ನಾನು ಮಹಾ ಚುರುಕು ಮನುಷ್ಯ! ರೀಲ್‌ಗೆ ಹೇಳಿ ಮಾಡಿಸಿದ ಹಾಗಿತ್ತು.

ಇಂಥ ತುಣುಕುಗಳಿಗೆ ಈಗ ಇರುವ ಬೆಲೆಗೆ ಒಂದು ಸೀದಾ ಕಾರಣ ಇದೆ. ಬರೆದು ತಿದ್ದಿ ಮಾಡಿದ ಐದು ನಿಮಿಷದ ಜೋಕಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ಸಲ ನೆಟ್‌ಗೆ ಹಾಕಿದರೆ ಮುಗಿಯಿತು, ಮುಂದಿನ ಶೋನಲ್ಲಿ ಜನ ನಮಗಿಂತ ಮೊದಲೇ ಪಂಚ್ ಹೇಳುತ್ತಾರೆ. ಕ್ರೌಡ್ ವರ್ಕ್ ಹೇಗಿದ್ದರೂ ಎರಡನೇ ಸಲ ನಡೆಯಲ್ಲ, ಹಾಕಿದರೆ ನಷ್ಟವಿಲ್ಲ. ಅಮೆರಿಕದ ಮ್ಯಾಟ್ ರೈಫ್ 2022ರಲ್ಲಿ ಟಿಕ್‌ಟಾಕ್‌ಗೆ ಹಾಕಿದ ಇಂಥ ತುಣುಕುಗಳಿಂದಲೇ ದೊಡ್ಡ ಹೆಸರು ಮಾಡಿದರು. ಆಮೇಲೆ ಎಲ್ಲ ಕಡೆ ಇದೇ. ಇದರ ಇನ್ನೊಂದು ಮುಖ ಅಂದರೆ, ರೀಲ್‌ನಲ್ಲಿ ಬರೋಕೆ ಅಂತಲೇ ಈಗ ಕೆಲವರು ಉತ್ತರ ತಯಾರು ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅವರ ಜೇಬಿನಲ್ಲೂ ಮಾತು, ನನ್ನ ಜೇಬಿನಲ್ಲೂ ಮಾತು.

ಬಾಗಿಲಲ್ಲಿ "ಇಲ್ಲಿ ಶೂಟಿಂಗ್ ನಡೆಯುತ್ತಿದೆ" ಅಂತ ಬೋರ್ಡ್ ಇರುತ್ತದೆ. ಅದನ್ನ ಓದಿ ಒಳಗೆ ಬಂದವರು ಒಪ್ಪಿದ್ದಾರೆ ಅಂತ ಹಲವರು ಅಂದುಕೊಳ್ಳುತ್ತಾರೆ. ಹಾಲಿನಲ್ಲಿ ಅರವತ್ತು ಜನರ ಮುಂದೆ ನಕ್ಕಿದ್ದು ಬೇರೆ, ಲಕ್ಷ ಜನರ ಫೋನಿನಲ್ಲಿ, ಕೆಳಗೆ ಯಾರೋ ಬರೆದ ಕಾಮೆಂಟಿನ ಜೊತೆ ಇರೋದು ಬೇರೆ. ಮುಖ ಕಾಣುವ ಯಾವ ತುಣುಕನ್ನೂ ನಾನು ಕೇಳದೆ ಹಾಕುವುದಿಲ್ಲ. ಟಿಕೆಟ್ ತೆಗೆದ ನಂಬರಿಗೆ ಫೋನ್ ಮಾಡಿದೆ. ಅಕ್ಕನ ಮಗಳು ಎತ್ತಿದಳು, ಮಾಮನಿಗೆ ಕೊಟ್ಟಳು.

"ವಿಡಿಯೋ ಚೆನ್ನಾಗಿ ಬಂದಿದೆ ಸರ್. ಹಾಕ್ಲಾ?"

"ಬೇಡ ಸರ್."

ಟೀ ಅಂಗಡಿ ಮಾತಿಗೆ ಬೇಜಾರಾಗಿರಬೇಕು ಅಂದುಕೊಂಡೆ. ಕ್ಷಮೆ ಕೇಳಿದೆ, ಈ ಸಲ ಮೈಕ್ ಇಲ್ಲದೆ.

"ಅಯ್ಯೋ, ಅದಕ್ಕಲ್ಲ ಸರ್. ಟೀ ಅಂಗಡೀಲೂ ಇರ್ತೀವಿ, ಸುಳ್ಳೇನಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆವತ್ತು ನಂದು ಡ್ಯೂಟಿ ಇತ್ತು. ಇನ್ನೊಬ್ರಿಗೆ ನೋಡ್ಕೊಳ್ಳಪ್ಪ ಅಂತ ಹೇಳಿ ಬಂದಿದ್ದೆ. ಸಾಹೇಬ್ರು ಬೇರೆ ನಾಲ್ಕ್ ಸಲ ಫೋನ್ ಮಾಡಿದ್ರಂತೆ."

"ಎತ್ತಲಿಲ್ವಾ ಸರ್?"

"ಸೈಲೆಂಟ್‌ಗೆ ಹಾಕಿದ್ದೆ. ಮನೆಯವಳದೊಂದು ಬಿಟ್ಟು."